ಸಿಟಿ ಚಿತ್ರದಲ್ಲಿ ಕಾಣುವ ಇಲ್ಲದ ಸೀಳು

ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಸೀಳಿದರೆ ರಕ್ತ ಅದರ ಗೋಡೆಯ ಪದರಗಳ ನಡುವೆ ನುಗ್ಗುತ್ತದೆ. ಸೀಳು ಹೃದಯಕ್ಕೆ ಹತ್ತಿರದ ಏರುಭಾಗದಲ್ಲಿದ್ದರೆ ತಡಮಾಡದೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಇದನ್ನು ಪತ್ತೆಹಚ್ಚಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆಗ ಬೆಳ್ಳಗೆ ಕಾಣುವ ರಕ್ತದ ನಡುವೆ ಸೀಳಿದ ಪದರ ತೆಳುವಾದ ಕಪ್ಪು ಗೆರೆಯಾಗಿ ತೋರುತ್ತದೆ. ತೊಡಕೆಂದರೆ, ಮಹಾಪಧಮನಿ ಸರಿಯಾಗಿಯೇ ಇರುವವರಲ್ಲೂ ಅಂಥದೇ ಗೆರೆ ಮೂಡಬಹುದು.

ಇದಕ್ಕೆ ಕಾರಣ ಹೃದಯದ ಬಡಿತ. ಒಂದು ಅಡ್ಡಚಿತ್ರ ಕಟ್ಟಲು ಎಕ್ಸ್‌ರೇ ಕೊಳವೆ ದೇಹದ ಸುತ್ತ ಕನಿಷ್ಠ ಅರ್ಧ ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಪೂರ್ತಿ ಸುತ್ತಿಗೆ ಅರ್ಧ ಸೆಕೆಂಡ್ ಹಿಡಿಯುವ ಯಂತ್ರದಲ್ಲಿ ಅದಕ್ಕೆ ಕಾಲು ಸೆಕೆಂಡಿಗೂ ಹೆಚ್ಚು ಸಮಯ ಬೇಕು. ನಿಮಿಷಕ್ಕೆ 72 ಸಲ ಬಡಿಯುವ ಹೃದಯದ ಒಂದು ಬಡಿತದಲ್ಲಿ ಇದು ಸುಮಾರು ಮೂರನೇ ಒಂದು ಭಾಗ. ಅಷ್ಟರಲ್ಲಿ ಮಹಾಪಧಮನಿಯ ಬುಡ ಜಾಗ ಬದಲಿಸಿರುತ್ತದೆ. ಕಂಪ್ಯೂಟರ್ ಮಾತ್ರ ಎಲ್ಲವೂ ನಿಶ್ಚಲವಾಗಿತ್ತೆಂದೇ ಲೆಕ್ಕ ಹಾಕಿ, ಒಂದೇ ಗೋಡೆಯನ್ನು ಎರಡು ಕಡೆ ಬರೆದುಬಿಡುತ್ತದೆ. ಈ ಜೋಡಿ ಅಂಚೇ ಸೀಳಿನಂತೆ ಕಾಣುತ್ತದೆ. ಇದನ್ನು ನಂಬಿ, ಸೀಳೇ ಇಲ್ಲದವರ ಎದೆ ತೆರೆದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಅನುಭವಿ ರೇಡಿಯಾಲಜಿಸ್ಟ್ ಆ ಗೆರೆಯೊಂದನ್ನೇ ನೋಡುವುದಿಲ್ಲ, ಅದರ ನೆರೆಹೊರೆಯನ್ನೂ ನೋಡುತ್ತಾರೆ. ಪಕ್ಕದ ಶ್ವಾಸಕೋಶದ ರಕ್ತನಾಳ ಮತ್ತು ಹೃದಯದ ಅಂಚುಗಳೂ ಅದೇ ಮಟ್ಟದಲ್ಲಿ ಜೋಡಿಯಾಗಿದ್ದರೆ ಚಲನೆಯ ಮೇಲೆ ಅನುಮಾನ ಬಲವಾಗುತ್ತದೆ. ಸುಳ್ಳು ಗೆರೆ ಸಾಮಾನ್ಯವಾಗಿ ಬುಡದ ಹತ್ತಿರದ ಕೆಲವು ಚಿತ್ರಗಳಲ್ಲಿ ಮಾತ್ರ ಕಂಡು, ಮೇಲಕ್ಕೆ ಹೋದಂತೆ ಮಾಯವಾಗುತ್ತದೆ. ನಿಜವಾದ ಸೀಳು ಬಹುತೇಕ ಒಂದು ಚಿತ್ರದಿಂದ ಮುಂದಿನದಕ್ಕೆ ಸಾಗುತ್ತದೆ. ಆದರೂ ಚಿಕ್ಕ ಸೀಳೊಂದು ಬುಡದಲ್ಲೇ ನಿಂತಿರಬಹುದು. ಹಾಗಾಗಿ ಈ ಗುರುತುಗಳಷ್ಟನ್ನೇ ನಂಬಿ ರೋಗಿಯನ್ನು ಮನೆಗೆ ಕಳಿಸುವುದು ಸರಿಯಲ್ಲ.

ಅದೇ ಜಾಗದಲ್ಲಿ ಇನ್ನೊಂದು ಬಗೆಯ ಗೆರೆಯೂ ಮೂಡುತ್ತದೆ. ಪೇಸ್‌ಮೇಕರ್ ತಂತಿಯಂಥ ಲೋಹ ಎಕ್ಸ್‌ರೇ ಕಿರಣಗಳಲ್ಲಿ ಬಹುಪಾಲನ್ನು, ಅದರಲ್ಲೂ ಕಡಿಮೆ ಶಕ್ತಿಯವನ್ನು, ಹೀರಿಕೊಳ್ಳುತ್ತದೆ. ಅದರ ಹಿಂದಿನ ಭಾಗದ ಮಾಹಿತಿ ಕೆಟ್ಟು, ಲೋಹದಿಂದ ಕಪ್ಪು–ಬಿಳುಪು ಪಟ್ಟೆಗಳು ಚಾಚಿಕೊಳ್ಳುತ್ತವೆ. ಮಹಾಪಧಮನಿಯ ಪಕ್ಕದ ದೊಡ್ಡ ಅಭಿಧಮನಿಯಲ್ಲಿ ದಟ್ಟವಾಗಿ ತುಂಬಿದ ಕಾಂಟ್ರಾಸ್ಟ್ ಕೂಡ ಇದನ್ನೇ ಮಾಡಬಲ್ಲದು. ಇಂಥ ಪಟ್ಟೆಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ: ಅವು ನೇರವಾಗಿದ್ದು, ರಕ್ತನಾಳದ ಗೋಡೆಯನ್ನೂ ದಾಟಿ ಹೊರಗೆ ಹೋಗುತ್ತವೆ. ಸೀಳಿದ ಪದರ ಗೋಡೆಯನ್ನು ದಾಟುವುದಿಲ್ಲ.

ಅನುಮಾನ ಉಳಿದರೆ ಇಸಿಜಿಗೆ ಹೊಂದಿಸಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಎರಡು ಬಡಿತಗಳ ನಡುವೆ ಹೃದಯ ಹೆಚ್ಚು ನಿಶ್ಚಲವಾಗಿರುವ ಕ್ಷಣದ ಮಾಹಿತಿಯನ್ನೇ ಆಯ್ದು ಚಿತ್ರ ಕಟ್ಟಿದಾಗ ಸುಳ್ಳು ಗೆರೆ ಸಾಮಾನ್ಯವಾಗಿ ಅಳಿದುಹೋಗುತ್ತದೆ. ಅದಾಗದ ಕಡೆ ಅನ್ನನಾಳದ ಮೂಲಕ ಎಕೋ ಪರೀಕ್ಷೆ ಮಾಡಬಹುದು. ಮೈಯಲ್ಲಿ ಪೇಸ್‌ಮೇಕರ್, ಕೃತಕ ಕವಾಟ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ತಂತಿ ಇದ್ದವರು ಸ್ಕ್ಯಾನ್‌ಗೆ ಮೊದಲೇ ತಂತ್ರಜ್ಞರಿಗೆ ಅದನ್ನು ತಿಳಿಸಬೇಕು.