ಚದರಡಿ ಲೆಕ್ಕಕ್ಕೆ ಸಿಗದ ಬಾತ್‌ರೂಮ್

ಮನೆ ಕಟ್ಟಿಸುವವರು ಗುತ್ತಿಗೆದಾರರನ್ನು ಮೊದಲು ಕೇಳುವುದು ಚದರಡಿಗೆ ಎಷ್ಟು ಎಂದು. ದರ ಕುದುರಿದರೆ ಮಾತುಕತೆ ಮುಗಿದಂತೆಯೇ ಲೆಕ್ಕ. ಇಂಥ ಒಪ್ಪಂದದಲ್ಲಿ ಇಡೀ ಮನೆ ಒಂದೇ ಸಂಖ್ಯೆಯೊಳಗೆ ಸೇರಿಹೋಗುತ್ತದೆ. ಆ ಸಂಖ್ಯೆಯೊಳಗೆ ಎಷ್ಟು ಬಾಗಿಲು, ಎಷ್ಟು ನಲ್ಲಿ, ಎಷ್ಟು ಸ್ವಿಚ್ಚು ಇವೆ ಎಂಬುದು ಇಬ್ಬರಿಗೂ ಸರಿಯಾಗಿ ಕಾಣುವುದಿಲ್ಲ. ‘ಎಕ್ಸ್‌ಟ್ರಾ’ದ ಜಗಳ ಹುಟ್ಟುವುದೇ ಅಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು. ಮನೆ ಕಟ್ಟಿಸುತ್ತಿರುವವರು ಒಬ್ಬ ಮೇಷ್ಟ್ರು. ಎರಡು ಅಂತಸ್ತು ಸೇರಿ 1,800 ಚದರಡಿ, ಸಾಮಾನು ಸಮೇತ ಚದರಡಿಗೆ 2,200 ರೂಪಾಯಿ, ಒಟ್ಟು 39,60,000 ರೂಪಾಯಿ, ಹತ್ತು ತಿಂಗಳ ಗಡುವು. ಕೆಳಗಿನ ಮನೆಗೆ ಮೋಲ್ಡ್ ಹಾಕಿಯಾಗಿದೆ, ಮೇಲೆ ಗೋಡೆ ಏಳುತ್ತಿದೆ. ಒಂದು ಭಾನುವಾರ ಮೇಷ್ಟ್ರು ಸೈಟಿಗೆ ಬಂದು ಹೇಳುತ್ತಾರೆ: “ಮಗಳು ಅಳಿಯ ಬಂದಾಗ ಮೇಲಿನ ರೂಮಲ್ಲಿ ಇರ್ತಾರೆ. ಅಲ್ಲೊಂದು ಅಟ್ಯಾಚ್ಡ್ ಬಾತ್‌ರೂಮ್ ಮಾಡಿಬಿಡಿ. ಹೆಂಗೂ ರೂಮಿನೊಳಗೇ ಬರುತ್ತಲ್ವಾ, ಚದರಡಿ ಏನೂ ಜಾಸ್ತಿಯಾಗಲ್ಲ.”

ಮೇಷ್ಟ್ರ ಮಾತಿನಲ್ಲಿ ಸುಳ್ಳಿಲ್ಲ. ಮನೆಯ ವಿಸ್ತೀರ್ಣ ಒಂದಡಿಯೂ ಹೆಚ್ಚುವುದಿಲ್ಲ. ಆದರೆ ಒಂದು ಮನೆಯಲ್ಲಿ ಅಡಿಗೆ ಅಡಿ ಲೆಕ್ಕ ಹಾಕಿದರೆ ಅಡುಗೆಮನೆ ಮತ್ತು ಬಾತ್‌ರೂಮುಗಳೇ ದುಬಾರಿ. ಬರೀ ರೂಮಿಗೆ ನೆಲ, ಗಾರೆ, ಬಣ್ಣ ಆದರೆ ಸಾಕು. ಬಾತ್‌ರೂಮಿಗೆ ಏಳಡಿ ಎತ್ತರಕ್ಕೆ ಗೋಡೆ ಟೈಲ್ಸು, ಬಿಸಿನೀರು ತಣ್ಣೀರಿನ ಎರಡು ಲೈನು, ಹೊರಗಿನ ಚೇಂಬರಿನವರೆಗೆ ಪೈಪು, ಕಮೋಡು, ಬೇಸಿನ್ನು, ಗೀಸರ್ ಪಾಯಿಂಟು, ನೀರು ಸೋರದಂತೆ ವಾಟರ್‌ಪ್ರೂಫಿಂಗು ಎಲ್ಲವೂ ಬೇಕು. ಜೊತೆಗೆ ಇಲ್ಲಿ ಇನ್ನೊಂದು ತೊಡಕಿದೆ. ಮಹಡಿಯ ಬಾತ್‌ರೂಮು ಬರುವ ಕಡೆ ಮೋಲ್ಡನ್ನು ಮೊದಲೇ ತಗ್ಗಿಸಿ ಹಾಕುತ್ತಾರೆ. ಪೈಪುಗಳು ಆ ತಗ್ಗಿನಲ್ಲಿ ಕೂತು, ಮೇಲೆ ತುಂಬಿಸಿ, ನೆಲ ಸಮವಾಗುತ್ತದೆ. ಈ ರೂಮಿನ ಕೆಳಗಿನ ಮೋಲ್ಡ್ ಚಪ್ಪಟೆಯಾಗಿ ಬಿದ್ದು ಗಟ್ಟಿಯಾಗಿದೆ. ಈಗ ಉಳಿದಿರುವುದು ಎರಡೇ ದಾರಿ. ಬಾತ್‌ರೂಮಿನ ನೆಲವನ್ನು ಸುಮಾರು ಎಂಟು ಅಂಗುಲ ಎತ್ತರಿಸಿ ಬಾಗಿಲಲ್ಲಿ ಒಂದು ಮೆಟ್ಟಿಲು ಕೊಡಬೇಕು. ಇಲ್ಲವೇ ಮೋಲ್ಡಿಗೆ ತೂತು ಕೊರೆದು ಪೈಪನ್ನು ಕೆಳಗಿನ ಹಾಲಿನ ಚಾವಣಿಗೆ ನೇತುಹಾಕಬೇಕು. ಎತ್ತರಿಸಿದರೆ ತುಂಬಿಸಿದ್ದರ ಭಾರ, ಕೊರೆದರೆ ಕಬ್ಬಿಣ ಕತ್ತರಿಸುವ ಭಯ. ಯಾವುದಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಒಂದು ಮಾತು ಹೇಳಲೇಬೇಕು. ಇದೇ ಬಾತ್‌ರೂಮನ್ನು ಮೋಲ್ಡಿಗೆ ಮುಂಚೆ ಕೇಳಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಇದಿಷ್ಟೂ ಗುತ್ತಿಗೆದಾರನಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಆ ಭಾನುವಾರ ಗುತ್ತಿಗೆದಾರ ಏನು ಹೇಳುತ್ತಾನೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಮ್ಮಲ್ಲಿ ಬಹುತೇಕ ಬರುವ ಉತ್ತರ “ಆಯ್ತು ಮೇಷ್ಟ್ರೇ, ಮಾಡೋಣ. ದುಡ್ಡಿಂದು ಆಮೇಲೆ ನೋಡ್ಕೊಳ್ಳೋಣ” ಎಂದು. ದಾಕ್ಷಿಣ್ಯದಿಂದ ಬಂದ ಮಾತು ಇದು. ಆದರೆ ಮೇಷ್ಟ್ರ ಕಿವಿಗೆ ಬೀಳುವುದು ‘ಆಯ್ತು’ ಮಾತ್ರ. ಗೃಹಪ್ರವೇಶದ ಹಿಂದಿನ ವಾರ ಕೊನೆಯ ಬಿಲ್ಲಿನಲ್ಲಿ ಲಕ್ಷ ರೂಪಾಯಿಯ ಸಾಲೊಂದು ಕಂಡಾಗ ಅವರಿಗೆ ಅದು ಮೋಸದಂತೆಯೇ ಕಾಣುತ್ತದೆ. ಕೆಲಸಕ್ಕೆ ಮುಂಚೆ ಬೆಲೆ ಹೇಳಿದ್ದರೆ ಬೇಡ ಎನ್ನುವ ಅವಕಾಶ ಅವರಿಗಿತ್ತು. ಗೋಡೆ ಎದ್ದ ಮೇಲೆ ಹೇಳಿದರೆ ಅದಿಲ್ಲ. ಹಣ ಎಷ್ಟು ಎಂಬುದಕ್ಕಿಂತ ಆಯ್ಕೆ ಕೈತಪ್ಪಿತಲ್ಲ ಎಂಬುದೇ ಮನಸ್ಸು ಕೆಡಿಸುತ್ತದೆ ಎಂಬುದು ನನ್ನ ಅಂದಾಜು.

ಸರಿಯಾದ ಉತ್ತರವೇನೂ ಒರಟಾಗಿರಬೇಕಿಲ್ಲ. “ಮೇಷ್ಟ್ರೇ, ಮಾಡಬಹುದು. ಆದ್ರೆ ಇದು ನಮ್ಮ ಅಗ್ರಿಮೆಂಟಲ್ಲಿ ಇಲ್ಲದ ಕೆಲಸ. ಮೋಲ್ಡ್ ಬೇರೆ ಆಗಿಬಿಟ್ಟಿದೆ, ಎಂಜಿನಿಯರ್ ಹತ್ರ ಕೇಳಬೇಕು. ಎಷ್ಟಾಗುತ್ತೆ, ಎಷ್ಟು ದಿನ ಹಿಡಿಯುತ್ತೆ ಅಂತ ಬುಧವಾರ ಬರೆದು ಕೊಡ್ತೀನಿ. ಮನೇಲಿ ಕೂತು ನೋಡಿ. ಬೇಕು ಅಂದ್ರೆ ಮಾಡೋಣ, ಬೇಡ ಅಂದ್ರೆ ಪ್ಲಾನಿನ ಪ್ರಕಾರವೇ ಹೋಗೋಣ.” ಇಲ್ಲಿ ನಿಂತ ನಿಲುವಿನಲ್ಲೇ ಬೆಲೆ ಹೇಳದಿರುವುದೂ ಜಾಣತನವೇ. ಸೈಟಿನಲ್ಲಿ ಬಾಯಿಗೆ ಬಂದ ‘ಒಂದು ಐವತ್ತು ಸಾವಿರ ಆಗಬಹುದು’ ಎಂಬ ಅಂದಾಜು ಆಮೇಲೆ ಕೊಟ್ಟ ಮಾತಾಗಿ ಕೂರುತ್ತದೆ.

ಬುಧವಾರದ ಚೀಟಿ ಹೇಗಿರಬೇಕು? ನಮ್ಮ ಉದಾಹರಣೆಯಲ್ಲಿ ಏಳು-ಐದು ಅಡಿಯ ಬಾತ್‌ರೂಮಿಗೆ ಗೋಡೆಯಿಂದ ಗೀಸರ್ ಪಾಯಿಂಟಿನವರೆಗೆ ಎಲ್ಲ ಸೇರಿ 1,03,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಕಳೆಯಬೇಕಾದದ್ದೂ ಉಂಟು. ಆ ಮೂವತ್ತೈದು ಚದರಡಿಗೆ ರೂಮಿನ ಟೈಲ್ಸು ಹಾಕುವಂತಿಲ್ಲ, ಟೈಲ್ಸು ಬರುವ ಗೋಡೆಗೆ ಬಣ್ಣ ಬಳಿಯುವಂತಿಲ್ಲ. ಮೂಲ ದರದಲ್ಲಿ ಅವುಗಳ ಹಣ ಸೇರಿತ್ತು. ಅದಕ್ಕೆ 5,000 ಕಳೆದು 98,000, ಅದರ ಮೇಲೆ ಮೇಲ್ವಿಚಾರಣೆ ಮತ್ತು ಲಾಭಕ್ಕೆ ನೂರಕ್ಕೆ ಹತ್ತರಂತೆ 9,800. ಒಟ್ಟು 1,07,800 ರೂಪಾಯಿ. ಕಳೆದ ಆ ಐದು ಸಾವಿರ ಚಿಕ್ಕದು, ಅದರ ಕೆಲಸ ದೊಡ್ಡದು. ಬರೀ ಕೂಡುವ ಲೆಕ್ಕವನ್ನು ಮಾಲೀಕರು ಅನುಮಾನದಿಂದ ಓದುತ್ತಾರೆ. ಕಳೆದದ್ದು ಕಣ್ಣಿಗೆ ಬಿದ್ದರೆ ಉಳಿದ ಸಾಲುಗಳನ್ನೂ ನಂಬುತ್ತಾರೆ.

ಹಣ ಕೇಳಿ ದಿನ ಕೇಳುವುದನ್ನು ಮರೆಯುವ ಗುತ್ತಿಗೆದಾರರೇ ಹೆಚ್ಚು. ಮೇಷ್ಟ್ರು ಬಾಡಿಗೆ ಮನೆಯಲ್ಲಿದ್ದಾರೆ, ಬ್ಯಾಂಕಿನ ಕಂತು ಶುರುವಾಗಿದೆ, ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿದೆ. ತಡವಾದರೆ ಬೈಸಿಕೊಳ್ಳುವವನು ಗುತ್ತಿಗೆದಾರನೇ, ಕೆಲಸ ಹೆಚ್ಚಿಸಿದ್ದು ಯಾರೆಂಬುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ನಿಬಂಧನೆಗಳಲ್ಲಿ ಇದಕ್ಕೊಂದು ಸೂತ್ರವಿದೆ. ಹೆಚ್ಚುವರಿ ಕೆಲಸದ ಮೊತ್ತ ಮೂಲ ಮೊತ್ತದ ಎಷ್ಟು ಭಾಗವೋ ಗಡುವಿನ ಅಷ್ಟು ಭಾಗ, ಅದರ ಮೇಲೆ ಅದರದೇ ಕಾಲು ಪಾಲು. ಅಷ್ಟು ಸಾಲದೆನಿಸಿದರೆ ಎಂಜಿನಿಯರ್ ಇನ್ನಷ್ಟು ಕೊಡಬಹುದು. ನಮ್ಮ ಲೆಕ್ಕಕ್ಕೆ ಇಟ್ಟು ನೋಡಿದರೆ 1,07,800 ಎಂಬುದು 39,60,000ದ ಶೇಕಡಾ 2.7ರಷ್ಟು. ಮುನ್ನೂರು ದಿನಕ್ಕೆ ಎಂಟು ದಿನ, ಕಾಲು ಪಾಲು ಸೇರಿ ಹತ್ತು. ಖಾಸಗಿ ಮನೆಗೆ ಈ ನಿಬಂಧನೆ ತಾನಾಗಿ ಅನ್ವಯಿಸುವುದಿಲ್ಲ, ಆದರೆ ಮಾತಿಗೊಂದು ಆಧಾರ ಸಿಗುತ್ತದೆ. ಗುತ್ತಿಗೆದಾರ ಹದಿನಾಲ್ಕು ದಿನ ಕೇಳುವುದಾದರೆ ಹೆಚ್ಚಿನ ನಾಲ್ಕು ದಿನ ಯಾಕೆಂದು ಹೇಳಬೇಕು. ಇಲ್ಲಿ ಹೇಳಲು ಕಾರಣವಿದೆ. ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಚಾವಣಿ ಒದ್ದೆಯಾಗುತ್ತದೆಯೇ ನೋಡಬೇಕು. ಅದು ಒಣಗುವವರೆಗೆ ಟೈಲ್ಸಿನವರು ಬರುವಂತಿಲ್ಲ. ಬೇರೆ ಸೈಟಿಗೆ ಹೋದ ಟೈಲ್ಸಿನವರು ಕರೆದ ದಿನವೇ ಬರುವುದೂ ಇಲ್ಲ.

ಇದನ್ನೆಲ್ಲ ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದರೂ ನಡೆದೀತು: “ಮೇಲಿನ ರೂಮಿಗೆ 7×5 ಅಡಿ ಬಾತ್‌ರೂಮ್, ವಿವರ ಚೀಟಿಯಲ್ಲಿದೆ. ಹೆಚ್ಚುವರಿ 1,07,800 ರೂ., ಹೆಚ್ಚುವರಿ 14 ದಿನ. ಬಾಗಿಲಲ್ಲಿ ಎಂಟು ಅಂಗುಲದ ಮೆಟ್ಟಿಲು ಬರುತ್ತದೆ. ಶನಿವಾರದೊಳಗೆ ಒಪ್ಪಿಗೆ ತಿಳಿಸಿ, ಅಲ್ಲಿಯವರೆಗೆ ಆ ರೂಮಿನ ಕೆಲಸ ಮುಟ್ಟುವುದಿಲ್ಲ.” ಕೊನೆಯ ವಾಕ್ಯವನ್ನು ಬಿಡಬಾರದು. ಉತ್ತರ ಬರುವ ಮುಂಚೆ ಕೆಲಸ ಶುರುಮಾಡಿದರೆ ಚೀಟಿ ಬರೆದದ್ದೇ ವ್ಯರ್ಥ. ಉತ್ತರ ತಡವಾದರೆ ಆ ದಿನಗಳೂ ಗಡುವಿಗೆ ಸೇರುತ್ತವೆ. ಸರ್ಕಾರಿ ಕಾಮಗಾರಿಗಳಲ್ಲಿ ಇಂಥ ಅಡ್ಡಿಗಳನ್ನು ಬರೆದಿಡಲು ಪ್ರತ್ಯೇಕ ರಿಜಿಸ್ಟರೇ ಇರುತ್ತದೆ. ಸಣ್ಣ ಗುತ್ತಿಗೆದಾರನಿಗೆ ನೂರು ಪುಟದ ನೋಟ್‌ಬುಕ್ ಸಾಕು.

ಇಷ್ಟು ಎಚ್ಚರದಲ್ಲಿದ್ದರೂ ಸೋರಿಹೋಗುವ ಒಂದು ಜಾಗವಿದೆ. ಮಾಲೀಕರು ಗುತ್ತಿಗೆದಾರನಿಗೆ ಹೇಳದೆ ನೇರವಾಗಿ ಗಾರೆ ಮೇಸ್ತ್ರಿಗೆ ಹೇಳಿಬಿಡುತ್ತಾರೆ: “ಇಲ್ಲೊಂದು ಗೂಡು ಬಿಡಪ್ಪಾ, ಅಲ್ಲೊಂದು ಸಜ್ಜೆ ಹಾಕು.” ಮೇಸ್ತ್ರಿ ಹಾಕಿಬಿಡುತ್ತಾನೆ. ಪ್ಲಾನಿಗೆ ಹೊರತಾದ ಏನನ್ನೂ ತನ್ನ ಮಾತಿಲ್ಲದೆ ಮಾಡಬಾರದೆಂದು ಗುತ್ತಿಗೆದಾರ ಮೇಸ್ತ್ರಿಗೂ ಮಾಲೀಕರಿಗೂ ಪಾಯದ ದಿನವೇ ಹೇಳಿರಬೇಕು. ಹಾಗೆಂದು ಗೂಡಿಗೆಲ್ಲ ಬಿಲ್ಲು ಕೊಡಲು ಹೊರಟರೆ ಅದು ಕಿರಿಕಿರಿ. ಅಂಥದ್ದನ್ನು ಪುಕ್ಕಟೆ ಮಾಡಿಕೊಟ್ಟು, ‘ಗೂಡು ಒಂದು, ಹಣವಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರೆ ಸಾಕು. ಹತ್ತು ಗೂಡಾದಾಗ ಹನ್ನೊಂದನೆಯದಕ್ಕೆ ಬೆಲೆ ಹೇಳಲು ದಾರಿಯಿರುತ್ತದೆ.

ಬರೆದದ್ದೇ ಇಲ್ಲದಿದ್ದರೆ ಕಾನೂನು ಕೈ ಹಿಡಿಯುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭವನ್ನು ಅನುಭವಿಸಿದವರು ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಕಲಮಿನ ಮೇಲೆ ಗುತ್ತಿಗೆದಾರರ ಪರ ನಿಂತಿತು. ಅಧಿಕಾರಿಗಳು ಕಟ್ಟಡ ಕಟ್ಟಿಸಿಕೊಂಡಿದ್ದರು, ವಿಧಿವತ್ತಾದ ಕರಾರು ಇರಲಿಲ್ಲ. ಆದರೆ ಕಟ್ಟಿದ್ದು 1940ರ ದಶಕದಲ್ಲಿ, ಕೊನೆಯ ತೀರ್ಪು ಬಂದದ್ದು 1961ರ ಡಿಸೆಂಬರಿನಲ್ಲಿ. ಒಂದು ಬಾತ್‌ರೂಮಿಗಾಗಿ ಅಷ್ಟು ಕಾಯಲು ಯಾರಿಂದಾದೀತು?

ಎಕ್ಸ್‌ಟ್ರಾ ಅಲ್ಲದ್ದನ್ನು ಎಕ್ಸ್‌ಟ್ರಾ ಎಂದು ತುರುಕುವ ಗುತ್ತಿಗೆದಾರರೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ನಡುವೆ ಸಿಮೆಂಟು ಕಬ್ಬಿಣದ ಬೆಲೆ ಏರಿತೆಂಬುದು ಹೆಚ್ಚುವರಿ ಕೆಲಸವಲ್ಲ. ಬೆಲೆ ಏರಿದರೆ ದರ ಏರುತ್ತದೆಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಆ ನಷ್ಟ ಗುತ್ತಿಗೆದಾರನದೇ. ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಅಲೋಪಿ ಪರ್ಷಾದ್ ಎಂಬ ಸಂಸ್ಥೆ ಯುದ್ಧದಿಂದ ಖರ್ಚು ಹೆಚ್ಚಾಯಿತೆಂದು ಒಪ್ಪಿದ್ದಕ್ಕಿಂತ ಹೆಚ್ಚು ಕೇಳಿತ್ತು. 1960ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಹಾಗೆಯೇ, ಕೊಟ್ಟ ಪ್ಲಾನನ್ನು ಪೂರ್ತಿ ಮಾಡಲು ಬೇಕೇಬೇಕಾದದ್ದು ಎಕ್ಸ್‌ಟ್ರಾ ಆಗದು. ಪ್ಲಾನಿನಲ್ಲಿ ಮೆಟ್ಟಿಲಿದ್ದರೆ ಕೈಪಿಡಿಗೆ ಬೇರೆ ಹಣ ಕೇಳುವುದು ನ್ಯಾಯವಲ್ಲ, ಕರಾರಿನಲ್ಲಿ ‘ಕೈಪಿಡಿ ಸೇರಿಲ್ಲ’ ಎಂದು ಬರೆದಿದ್ದರೆ ಮಾತು ಬೇರೆ. ‘ಸೇರಿಲ್ಲ’ ಎಂಬ ಪಟ್ಟಿ ‘ಸೇರಿದೆ’ ಎಂಬ ಪಟ್ಟಿಯಷ್ಟೇ ಉದ್ದವಿದ್ದರೆ ಒಳ್ಳೆಯದು. ಸಂಪು, ಕಾಂಪೌಂಡು, ಬೋರ್‌ವೆಲ್ಲು, ಕರೆಂಟಿನ ಡಿಪಾಸಿಟ್ಟು, ವಾರ್ಡ್‌ರೋಬು, ಇವು ಯಾರ ಪಾಲಿನವು ಎಂಬುದು ಅಲ್ಲೇ ತೀರ್ಮಾನವಾಗಬೇಕು.

ಮೇಷ್ಟ್ರು ಚೀಟಿ ನೋಡಿ “ಅಷ್ಟಾಗುತ್ತಾ?” ಎಂದರೆ ಮೊತ್ತವನ್ನು ಸುಮ್ಮನೆ ಇಳಿಸಬಾರದು. ಇಳಿಸಿದರೆ ಮೊದಲು ಹೇಳಿದ್ದು ಹೆಚ್ಚಿತ್ತೆಂದು ತಾನೇ ಒಪ್ಪಿಕೊಂಡಂತೆ. ಬೆಲೆ ಇಳಿಯಬೇಕಾದರೆ ಕೆಲಸವೂ ಇಳಿಯಬೇಕು. ನೀರಿನ ಲೈನು ಮತ್ತು ಪೈಪನ್ನು ಮಾತ್ರ ಈಗ ಎಳೆದು, ತುದಿಗಳಿಗೆ ಮುಚ್ಚಳ ಹಾಕಿ, ಗೋಡೆ ಟೈಲ್ಸು ಕಮೋಡನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಗೋಡೆ ಒಡೆಯುವ ಕೆಲಸ ಈಗಲೇ ಮುಗಿಯುತ್ತದೆ, ಗೃಹಪ್ರವೇಶವೂ ಹೆಚ್ಚು ಮುಂದೆ ಹೋಗುವುದಿಲ್ಲ. ಇಲ್ಲವೇ ಹಾಲಿನ ಗ್ರಾನೈಟನ್ನು ವಿಟ್ರಿಫೈಡ್ ಟೈಲ್ಸಿಗೆ ಬದಲಿಸಿ, ಉಳಿದ ಹಣವನ್ನು ಬಾತ್‌ರೂಮಿಗೆ ತಿರುಗಿಸಬಹುದು. ಪೂರ್ತಿ ಕೆಲಸವೇ ಬೇಕೆಂದು ಒಪ್ಪಿದರೆ ಅರ್ಧ ಹಣವನ್ನು ಗೋಡೆ ಎತ್ತುವ ಮುಂಚೆ, ಉಳಿದರ್ಧವನ್ನು ನೀರು ನಿಲ್ಲಿಸಿ ನೋಡಿ ಟೈಲ್ಸು ಮುಗಿದ ದಿನ ಪಡೆಯಬೇಕು. ಪಾಯ, ಮೋಲ್ಡು, ಗಾರೆ ಎಂದು ಹಂಚಿದ ಮೂಲ ಕಂತುಗಳ ಜೊತೆ ಇದನ್ನು ಬೆರೆಸಬಾರದು.