ಗೇಟು ತೆರೆದಿತ್ತು, ಆದರೆ ಯಾರೂ ತೆರೆದಿರಲಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟೇ ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನದಿಗೆ ನೀರು ಹರಿಸಿದರು. ಕೆಳಗಡೆ ಕಂಪ್ಲಿಯಿಂದ ಸಿರುಗುಪ್ಪದವರೆಗೆ ನದಿದಂಡೆಯ ಊರುಗಳ ಕಿವಿಯೆಲ್ಲ ಹೊಸಪೇಟೆಯ ಸುದ್ದಿಯ ಮೇಲೇ ಇತ್ತು. ಆ ರಾತ್ರಿಯ ವಿದ್ಯಮಾನವನ್ನು ಕನ್ನಡದಲ್ಲಿ ವರದಿ ಮಾಡಲು ಕೂತವರು ಎರಡು ಬೇರೆ ಬೇರೆ ವಾಕ್ಯಗಳನ್ನು ಬರೆಯಬೇಕಾಗುತ್ತದೆ. ಉಳಿದ ಗೇಟುಗಳ ವಿಚಾರಕ್ಕೆ ‘ತೆರೆಯಲಾಯಿತು’ ಎಂದು ಬರೆದರೆ ಸರಿ. 19ನೆಯದಕ್ಕೆ ಅದನ್ನೇ ಬರೆದರೆ ಸುಳ್ಳು. ಅದನ್ನು ಯಾರೂ ತೆರೆಯಲಿಲ್ಲ. ಆದರೂ ‘19ನೇ ಕಿಂಡಿ ತೆರೆದಿತ್ತು’ ಎನ್ನುವುದು ನೂರಕ್ಕೆ ನೂರು ನಿಜ.

ಭಾಷಾವಿಜ್ಞಾನಿಗಳು ಬಹುಕಾಲದಿಂದ ಜಗ್ಗಾಡುತ್ತಿರುವ ಒಂದು ಗಂಟು ಇಲ್ಲಿದೆ. ಇಂಗ್ಲಿಷಿನಲ್ಲಿ ‘ದ ಡೋರ್ ವಾಸ್ ಕ್ಲೋಸ್ಡ್’ ಎಂದರೆ ಎರಡರ್ಥ. ಯಾರೋ ಬಾಗಿಲು ಮುಚ್ಚಿದರು ಎಂಬ ಘಟನೆಯನ್ನೂ ಅದು ಹೇಳುತ್ತದೆ, ನೋಡಿದಾಗ ಬಾಗಿಲು ಮುಚ್ಚಿದ ಸ್ಥಿತಿಯಲ್ಲಿತ್ತು ಎಂಬುದನ್ನೂ ಹೇಳುತ್ತದೆ. ‘ಮಧ್ಯಾಹ್ನಕ್ಕೆ’ ಎಂದು ಸೇರಿಸಿದರೆ ಘಟನೆಯ ಕಡೆಗೆ ವಾಲುತ್ತದೆ, ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಜರ್ಮನ್ ಭಾಷೆ ಈ ಎರಡಕ್ಕೆ ಎರಡು ಸಹಾಯಕ ಕ್ರಿಯಾಪದಗಳನ್ನೇ ಇಟ್ಟುಕೊಂಡಿದೆ: ‘ವೆರ್ಡೆನ್’ ಬಂದರೆ ಘಟನೆ, ‘ಜೈನ್’ ಬಂದರೆ ಸ್ಥಿತಿ. ಸ್ಪ್ಯಾನಿಷ್ ಕೂಡ ಹಾಗೆಯೇ ‘ಸೆರ್’, ‘ಎಸ್ತಾರ್’ ಎಂದು ಬೇರ್ಪಡಿಸುತ್ತದೆ. ಕನ್ನಡವೂ ಬೇರ್ಪಡಿಸುತ್ತದೆ. ಶಾಲೆಯಲ್ಲಿ ಕರ್ಮಣಿ ಪ್ರಯೋಗ ಎಂದು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಒಂದೇ ವಾಕ್ಯ ಕಲಿಸುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಬಳ್ಳಾರಿಯಿಂದ ಒಬ್ಬರು ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೊರಟಿದ್ದಾರೆ ಎನ್ನಿ. ಎದುರಿಗೆ ಬಂದವರನ್ನು ‘ಗುಡಿ ಬಾಗ್ಲು ಹಾಕ್ಯಾರೇನ್ರಿ?’ ಎಂದು ಕೇಳಬಹುದು, ‘ಬಾಗ್ಲು ಹಾಕೈತೇನ್ರಿ?’ ಎಂದೂ ಕೇಳಬಹುದು. ಮೊದಲನೆಯದರಲ್ಲಿ ಹಾಕಿದವರು ಇದ್ದಾರೆ. ಅವರು ಪೂಜಾರಿಯೋ ಇನ್ನಾರೋ, ಹೆಸರಿಲ್ಲದ ಬಹುವಚನ. ಎರಡನೆಯದರಲ್ಲಿ ಬಾಗಿಲೊಂದೇ ಇದೆ, ಅದೂ ಈ ಕ್ಷಣ ಕಣ್ಣೆದುರು ಹೇಗಿದೆಯೋ ಹಾಗೆ. ‘ಹನ್ನೆರಡಕ್ಕೆ’ ಎಂದು ಸೇರಿಸಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ‘ಹನ್ನೆರಡಕ್ಕೆ ಬಾಗ್ಲು ಹಾಕಿದ್ರು’ ಎಂದರೆ ಆ ಹೊತ್ತಿಗೆ ಕದ ಎಳೆದರು. ‘ಹನ್ನೆರಡಕ್ಕೆ ಬಾಗ್ಲು ಹಾಕಿತ್ತು’ ಎಂದರೆ ಆ ಹೊತ್ತಿಗೆ ನೋಡಿದಾಗ ಕದ ಎಳೆದಿತ್ತು. ಹನ್ನೊಂದಕ್ಕೇ ಹಾಕಿದ್ದಿರಬಹುದು, ಹಿಂದಿನ ರಾತ್ರಿಯಿಂದ ತೆಗೆಯದೆಯೂ ಇದ್ದಿರಬಹುದು. ‘ಇನ್ನೂ’ ಎಂಬ ಮಾತು ಎರಡನೆಯದಕ್ಕೆ ಸಲೀಸಾಗಿ ಹೊಂದುತ್ತದೆ: ‘ಇನ್ನೂ ಹಾಕಿತ್ತು’. ‘ಇನ್ನೂ ಹಾಕಲಾಯಿತು’ ಎಂದು ಯಾರೂ ಅನ್ನುವುದಿಲ್ಲ.

ಬರಹದ ಕನ್ನಡದಲ್ಲಿ ಘಟನೆಗೆ ‘ಮುಚ್ಚಲಾಯಿತು’, ಸ್ಥಿತಿಗೆ ‘ಮುಚ್ಚಿದೆ, ಮುಚ್ಚಿತ್ತು’. ಮೊದಲನೆಯ ರಚನೆ ಕಚೇರಿ, ಪತ್ರಿಕೆಗಳಲ್ಲೇ ಹೆಚ್ಚು, ಬಳ್ಳಾರಿಯ ಸಂತೆಯಲ್ಲಿ ಕೇಳಸಿಗದು. ಎರಡನೆಯದು ಹಾಗಲ್ಲ, ಅದು ಎಲ್ಲರ ಬಾಯಲ್ಲೂ ಇದೆ. ‘ಗ್ವಾಡಿ ಮ್ಯಾಲೆ ಬರದೈತೆ’, ‘ಬೀಗ ಹಾಕೈತೆ’, ‘ಅಕ್ಕಿ ನೆನೆಹಾಕೈತೆ’ ಎನ್ನಲು ಶಾಲೆಗೆ ಹೋಗಬೇಕಿಲ್ಲ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಸಹಜವಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಘಟನೆಯ ಮಟ್ಟಿಗೆ ಅದನ್ನು ಒಪ್ಪಬಹುದು. ಸ್ಥಿತಿಯ ಮಟ್ಟಿಗೆ ನನಗೆ ಒಪ್ಪಿಗೆಯಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ‘ಬಾಗಿಲು ಮುಚ್ಚಿತು’ ಎಂದು ಕರ್ತೃವಿಲ್ಲದೆಯೂ ಹೇಳುತ್ತೇವಲ್ಲ? ಗಾಳಿಗೆ ತಾನಾಗಿ ಮುಚ್ಚಿತು ಎಂಬಂತೆ. ಹಾಗಿದ್ದರೆ ‘ಮುಚ್ಚಿದೆ’ ಎನ್ನುವುದು ಆ ಅಕರ್ಮಕ ಕ್ರಿಯಾಪದದ ರೂಪವೇ ಇರಬಹುದು, ಅದರಲ್ಲಿ ಕರ್ಮಣಿಯ ಮಾತೇಕೆ? ಸರಿಯಾದ ಪ್ರಶ್ನೆ. ಇದನ್ನು ಪರೀಕ್ಷಿಸಲು ಎಂದೂ ಅಕರ್ಮಕವಾಗದ ಕ್ರಿಯಾಪದ ಬೇಕು. ‘ಹಾಕು’ ಅಂಥದ್ದು. ‘ಬೀಗ ಹಾಕಿತು’ ಎಂದರೆ ಬೀಗವೇ ಏನನ್ನೋ ಹಾಕಿತು ಎಂಬ ವಿಚಿತ್ರ ಅರ್ಥ ಬರುತ್ತದೆ. ಆದರೆ ‘ಬೀಗ ಹಾಕಿದೆ’ ಎಂಬುದರಲ್ಲಿ ಯಾವ ತೊಡಕೂ ಇಲ್ಲ. ‘ಬಣ್ಣ ಹೊಡೆಯಿತು’ ಎನ್ನಲಾಗದು, ‘ಗೋಡೆಗೆ ಬಣ್ಣ ಹೊಡೆದಿದೆ’ ಎನ್ನಬಹುದು. ‘ಶಾಸನ ಬರೆಯಿತು’ ಇಲ್ಲ, ‘ಶಾಸನದಲ್ಲಿ ಬರೆದಿದೆ’ ಉಂಟು. ‘ಕೊಲ್ಲಲ್ಪಟ್ಟನು’, ‘ಮುಚ್ಚಲಾಯಿತು’ ಬಗೆಯ ರೂಪಗಳ ನೆರವಿಲ್ಲದೆ ಸಕರ್ಮಕ ಕ್ರಿಯಾಪದದ ಕರ್ಮವು ಪ್ರತ್ಯಯ ಕಳಚಿ ಮುಂದೆ ಬಂದು ನಿಲ್ಲುವುದು ‘ಇದೆ’ ಸೇರಿದಾಗ ಮಾತ್ರ. ಬೇರೆ ಬೇರೆ ಕುಲದ ಭಾಷೆಗಳಲ್ಲಿ ಇಂಥ ರಚನೆಗಳನ್ನು ಹೋಲಿಸಿ ರಷ್ಯನ್ ಭಾಷಾವಿಜ್ಞಾನಿ ನೆದ್ಯಾಲ್ಕೊವ್ ಸಂಪಾದಿಸಿದ ಗ್ರಂಥ 1988ರಲ್ಲಿ ಇಂಗ್ಲಿಷಿನಲ್ಲಿ ಬಂತು. ಸಕರ್ಮಕದ ಫಲಸ್ಥಿತಿಯನ್ನು ಹೇಳುವಾಗ ಮಾಡಿದವನು ಬಿಟ್ಟುಹೋಗಿ ಮಾಡಿಸಿಕೊಂಡದ್ದು ಮುಂದೆ ಬರುವುದು ಹಲವು ಭಾಷೆಗಳಲ್ಲಿ ಕಾಣುವ ಗುಣ. ನಮ್ಮ ‘ಬೀಗ ಹಾಕಿದೆ’ಯೂ ಅದೇ ಸಾಲಿನದು.

ವಿಭಕ್ತಿ ಪ್ರತ್ಯಯ ಇಟ್ಟು ನೋಡಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ‘ಬಾಗಿಲನ್ನು ಮುಚ್ಚಲಾಯಿತು’ ಎನ್ನಬಹುದು, ಅಂದರೆ ಘಟನೆಯ ವಾಕ್ಯದಲ್ಲಿ ಬಾಗಿಲು ಕರ್ಮವಾಗಿಯೇ ಉಳಿಯಬಲ್ಲುದು. ‘ಬಾಗಿಲನ್ನು ಮುಚ್ಚಿದೆ’ ಎಂದ ಕೂಡಲೇ ಸ್ಥಿತಿಯ ಅರ್ಥ ಹಾರಿಹೋಗಿ ‘ನಾನು ಮುಚ್ಚಿದೆ’ ಎಂಬ ಅರ್ಥ ಬರುತ್ತದೆ. ಬರಹದಲ್ಲಿ ‘ಮುಚ್ಚಿದೆ’ ಒಂದೇ ಅಕ್ಷರಮಾಲೆ, ಮುಚ್ಚಿದವನಿಗೂ ಅದೇ, ಮುಚ್ಚಿದ ಬಾಗಿಲಿಗೂ ಅದೇ. ನಡುವೆ ಗಡಿ ಹಾಕುವುದು ‘ಅನ್ನು’ ಒಂದೇ. ಬಳ್ಳಾರಿಯ ಆಡುಮಾತಿಗೆ ಈ ತಾಪತ್ರಯವಿಲ್ಲ. ಅಲ್ಲಿ ಬಾಗಿಲು ‘ಮುಚ್ಚೈತೆ’.

ಯಾವ ಕ್ರಿಯಾಪದ ಈ ಸ್ಥಿತಿರೂಪಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದೇ ಇಡೀ ವಿಷಯದಲ್ಲಿ ಸ್ವಾರಸ್ಯದ ಭಾಗ. ‘ಬಾಗಿಲು ತಟ್ಟಲಾಯಿತು’ ಸರಿ. ‘ಬಾಗಿಲು ತಟ್ಟಿದೆ’ ಎಂದು ಬಾಗಿಲಿನ ಸ್ಥಿತಿ ಹೇಳಲಾಗದು. ತಟ್ಟಿ ಹೋದ ಮೇಲೆ ಬಾಗಿಲಲ್ಲಿ ಏನೂ ಉಳಿಯುವುದಿಲ್ಲ, ಸ್ಥಿತಿಯೇ ಇಲ್ಲದಿದ್ದರೆ ಹೇಳುವುದೇನನ್ನು? ಇದು ಕ್ರಿಯಾಪದದ ಗುಣವಲ್ಲ, ಉಳಿದ ಗುರುತಿನದು ಎನ್ನಲು ‘ಹೊಡೆ’ಯೇ ಸಾಕ್ಷಿ. ‘ಗೋಡೆಗೆ ಮೊಳೆ ಹೊಡೆದಿದೆ’ ಸಹಜ, ಮೊಳೆ ಅಲ್ಲೇ ಇದೆ. ‘ಡೊಳ್ಳು ಹೊಡೆದಿದೆ’ ಎಂದರೆ ಡೊಳ್ಳಿನ ಸ್ಥಿತಿ ಏನೂ ತಿಳಿಯದು. ಹೇಗೆ ಎಂದು ಹೇಳುವ ಮಾತುಗಳಿಗೂ ಇದೇ ನ್ಯಾಯ. ‘ಗಂಟು ಬಿಗಿಯಾಗಿ ಕಟ್ಟಿದೆ’, ‘ಹೆಸರು ಅಂದವಾಗಿ ಬರೆದಿದೆ’ ಎನ್ನಬಹುದು, ಬಿಗಿಯೂ ಅಂದವೂ ನೋಡಿದರೆ ಕಾಣುತ್ತವೆ. ‘ನಿಧಾನವಾಗಿ ಬೀಗ ಹಾಕಿದೆ’ ಎನ್ನಲಾಗದು. ಬೀಗ ನೋಡಿ, ಹಾಕಿದ ಕೈ ನಿಧಾನವೋ ಅವಸರವೋ ಹೇಳುವವರಾರು? ‘ನಿಧಾನವಾಗಿ ಬೀಗ ಹಾಕಲಾಯಿತು’ ಎನ್ನುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಈಗ ಪತ್ರಿಕೆಗಳಿಗೆ ಅತಿಪ್ರಿಯವಾದ ‘ಮುಚ್ಚಲಾಗಿದೆ’ಯನ್ನು ಎಲ್ಲಿಡುವುದು? ನೋಡಲು ಸ್ಥಿತಿಯಂತಿದೆ, ‘ಇದೆ’ ಬೇರೆ ಇದೆ. ಒಳಗೆ ಇರುವುದು ಘಟನೆಯೇ. ಪರೀಕ್ಷೆ ಸುಲಭ: ‘ಈ ಸೇತುವೆಯನ್ನು ಮೂರು ಸಲ ಮುಚ್ಚಲಾಗಿದೆ, ಈಗ ತೆರೆದಿದೆ’ ಎಂದರೆ ವಿರೋಧವಿಲ್ಲ. ‘ಸೇತುವೆ ಮುಚ್ಚಿದೆ, ಈಗ ತೆರೆದಿದೆ’ ಎಂದರೆ ಕೇಳಿದವರು ನಮ್ಮ ಮುಖ ನೋಡುತ್ತಾರೆ. 2000ದಲ್ಲಿ ಜರ್ಮನ್ ಭಾಷೆಯ ಬಗ್ಗೆ ಬರೆಯುತ್ತ ಆಂಜೆಲಿಕಾ ಕ್ರಾಟ್ಸರ್ ತೋರಿಸಿದ ಭೇದಕ್ಕೆ ಇದು ಹತ್ತಿರದ್ದು. ಒಂದು ಬಗೆಯ ಸ್ಥಿತಿಯನ್ನು ಮತ್ತೆ ಹಿಂದಕ್ಕೆ ತಿರುಗಿಸಬಹುದು, ಅದಕ್ಕೆ ‘ಇನ್ನೂ’ ಹೊಂದುತ್ತದೆ. ಇನ್ನೊಂದು ‘ಆಗಿಹೋಗಿದೆ’ ಎಂಬ ಸ್ಥಿತಿ. ಅದು ಒಮ್ಮೆ ಬಂದರೆ ಹೋಗುವುದಿಲ್ಲ, ಮುಚ್ಚಿದ್ದನ್ನು ತೆರೆದರೂ ಮುಚ್ಚಿದ್ದು ನಡೆದದ್ದೇ.

ಸಿರುಗುಪ್ಪದ ಕಾಲುವೆಯ ಟೇಲ್ ಎಂಡ್ ರೈತರಿಗೆ ಈ ಭೇದ ಅನುಭವದಿಂದಲೇ ಗೊತ್ತು. ‘ಬಲದಂಡೆ ಕೆಳಮಟ್ಟದ ಕಾಲುವೆಗೆ ನೀರು ಬಿಡಲಾಗಿದೆ’ ಎಂಬ ಪ್ರಕಟಣೆ ಅಣೆಕಟ್ಟೆಯಲ್ಲಿ ನಡೆದ ಕೆಲಸದ ವರದಿ. ಅದು ಅಕ್ಷರಶಃ ನಿಜವಿದ್ದಾಗಲೂ ಕೊನೆಯ ತೂಬಿನಲ್ಲಿ ಮಣ್ಣು ಒಣಗಿಯೇ ಇರಬಹುದು, ಏಕೆಂದರೆ ನೀರು ಅಷ್ಟು ದೂರ ಹರಿದು ಬರಬೇಕು, ನಡುವೆ ಮೇಲಿನವರು ಪಾಲು ಎತ್ತಿಕೊಳ್ಳುತ್ತಾರೆ. ಆದ್ದರಿಂದ ಭತ್ತ ನಾಟಿ ಮಾಡುವವರು ‘ನೀರು ಬಿಟ್ಟಾರ’ ಎಂಬ ಸುದ್ದಿ ಕೇಳಿದ ಮೇಲೂ ‘ನೀರು ಬಂದೈತೇನು?’ ಎಂದು ಮತ್ತೆ ಕೇಳುತ್ತಾರೆ. ಅವರಿಗೆ ಬೇಕಾದದ್ದು ತಮ್ಮ ತೂಬಿನ ಸ್ಥಿತಿ.

19ನೇ ಗೇಟಿಗೆ ಮರಳೋಣ. ‘ಕಿಂಡಿ ತೆರೆದಿತ್ತು’ ನಿಜವಾಗಲು ಯಾರೂ ತೆರೆದಿರಬೇಕಿಲ್ಲ, ಏಕೆಂದರೆ ‘ತೆರೆ’ ಅಕರ್ಮಕವೂ ಹೌದು. ಇಂಗ್ಲಿಷಿನಲ್ಲಿ ಇಂಥಲ್ಲಿ ‘ಓಪನ್’ ಎಂಬ ಬರಿಯ ವಿಶೇಷಣವಿದೆ, ‘ವಾಸ್ ಓಪನ್ಡ್’ ಎಂದರೆ ತೆರೆದವರು ಇರಬೇಕು. ಕನ್ನಡ ಎರಡನ್ನೂ ‘ತೆರೆದಿದೆ’ಯೊಳಗೇ ಇಟ್ಟುಕೊಂಡು, ಸಂದರ್ಭಕ್ಕೆ ಬಿಟ್ಟುಕೊಡುತ್ತದೆ. ‘ಬೀಗ ಹಾಕಿದೆ’ಯಲ್ಲಾದರೆ ಹಾಗಲ್ಲ. ಯಾರೋ ಹಾಕಿರಲೇಬೇಕು, ವಾಕ್ಯ ಮಾತ್ರ ಅವರನ್ನು ಕರೆತರುವುದಿಲ್ಲ. ಮುಂದಿನ ಒಂದು ವಾರದ ಹೊತ್ತಿಗೆ ಸ್ಟಾಪ್ ಲಾಗ್ ಎನ್ನುವ ಉಕ್ಕಿನ ತಡೆಗಳನ್ನು ಹರಿಯುವ ನೀರಲ್ಲೇ ಒಂದರ ಮೇಲೊಂದು ಇಳಿಸಿ ಕಿಂಡಿಯನ್ನು ಮುಚ್ಚಲಾಯಿತು. ಇಲ್ಲಿ ಕರ್ಮಣಿ ಪೂರ್ಣ ಹಕ್ಕಿನಿಂದ ಬಂದಿದೆ, ಮುಚ್ಚಿದವರು ಇದ್ದರು. ಅದಕ್ಕೂ ಮುಂಚಿನ ದಿನಗಳಿಗೆ ‘ಮುಚ್ಚಲಾಗಿರಲಿಲ್ಲ’ ಎಂದು ಬರೆದರೆ ಇನ್ನೂ ಮುಚ್ಚಿರಲಿಲ್ಲ ಎಂಬ ವರದಿ. ‘ಮುಚ್ಚಲಾಗಲಿಲ್ಲ’ ಎಂದು ಬರೆದರೆ ಪ್ರಯತ್ನಿಸಿದರೂ ಸಾಧ್ಯವಾಗಲಿಲ್ಲ ಎಂದೇ ಓದುಗರು ಓದುವುದು, ಏಕೆಂದರೆ ‘ಅಲಾಗು’ ಕರ್ಮಣಿಗೂ ಸಾಮರ್ಥ್ಯಕ್ಕೂ ಒಂದೇ.

ಮನುಷ್ಯರ ವಿಷಯಕ್ಕೆ ಬಂದರೆ ಈ ಸ್ಥಿತಿರೂಪ ಕೈಕೊಡುತ್ತದೆ. ‘ಕಳ್ಳನನ್ನು ಬಂಧಿಸಲಾಯಿತು’ ಎನ್ನಬಹುದು. ಆದರೆ ಬಾಗಿಲಿನ ಮಾದರಿಯಲ್ಲಿ ‘ಕಳ್ಳ ಬಂಧಿಸಿದ್ದಾನೆ’ ಎಂದರೆ ಕಳ್ಳನೇ ಬೇರೊಬ್ಬರನ್ನು ಹಿಡಿದ ಹಾಗಾಗುತ್ತದೆ. ಜೀವವಿರುವ, ಅದರಲ್ಲೂ ಮನುಷ್ಯ ನಾಮಪದ ಮೊದಲಲ್ಲಿ ನಿಂತರೆ ಕನ್ನಡ ಅದನ್ನು ಕರ್ತೃವೆಂದೇ ಎಣಿಸುತ್ತದೆ. ಹಾಗಾಗಿ ಪೊಲೀಸರ ವಶದಲ್ಲಿರುವವನ ಸ್ಥಿತಿ ಹೇಳಲು ಕ್ರಿಯಾಪದವನ್ನೇ ಬಿಟ್ಟು ಸುತ್ತುದಾರಿ ಹಿಡಿಯಬೇಕು: ‘ಬಂಧನದಲ್ಲಿದ್ದಾನೆ’, ‘ಒಳಗೈದಾನ’.