ಭಾನುವಾರದ ರೊಟ್ಟಿ ಪಾಠ

ಸಂಘದ ಸದಸ್ಯೆಯರೇ, ದಾವಣಗೆರೆಗೆ ಓದಲು, ಹರಿಹರದ ಕಡೆ ಕೆಲಸಕ್ಕೆ ಅಂತ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರಿಗೆ ಊರಿನ ಜೋಳದ ರೊಟ್ಟಿ ಬೇಕು, ಆದರೆ ತಟ್ಟಲು ಬಾರದು. ಅಂಥವರಿಗೆ ಭಾನುವಾರ ನಿಮ್ಮ ಮನೆಯಲ್ಲೇ ಶುಲ್ಕ ಪಡೆದು ಕಲಿಸಬಹುದು.

ಒಂದು ಸಲಕ್ಕೆ ನಾಲ್ಕೇ ಜನ ಸಾಕು. ರೊಟ್ಟಿ ನೋಡಿದರೆ ಬರಲ್ಲ, ತಟ್ಟಿಯೇ ಕಲಿಯಬೇಕು. ಎರಡು ಒಲೆಯಲ್ಲಿ ಅದಕ್ಕಿಂತ ಹೆಚ್ಚು ಜನರಿಗೆ ಸರದಿ ಸಿಗದು.

ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿಸಿ. ತಟ್ಟುವಾಗ ಅಂಚು ಒಡೆದರೆ ನೀರು ಆರಿತ್ತು, ಇಲ್ಲವೇ ಹಿಟ್ಟು ಹಳೆಯದು ಅಂತ ತಿಳಿಯಿರಿ. ಹಿಂದಿನ ದಿನವೇ ಬೀಸಿಸಿ ತಂದರೆ ಒಳ್ಳೆಯದು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಿಸಿ. ಆ ಪಸೆ ಆರುತ್ತಿದ್ದಂತೆ ಮಗುಚಬೇಕು. ತಡವಾದರೆ ರೊಟ್ಟಿ ಬಿರಿಯುತ್ತೆ, ಉಬ್ಬಲ್ಲ.

ಈಗ ಲೆಕ್ಕ ನೋಡೋಣ. ತಲಾ 150 ರೂಪಾಯಿ ಅಂತ ಇಟ್ಟರೆ 600 ಬರುತ್ತೆ. ಹಿಟ್ಟು, ಎಣ್ಣೆಗಾಯಿ ಸಾಮಾನು, ಗ್ಯಾಸಿಗೆ 240 ಹೋದರೆ 360 ಉಳಿಯಿತು. ಇಬ್ಬರು ಸೇರಿ ಮಾಡಿದರೆ ತಲಾ 180. ಸಾಮಾನು ತಂದ ಮೇಲೆ ಒಬ್ಬರು ತಪ್ಪಿಸಿದರೆ ಉಳಿಯುವುದು 210 ಮಾತ್ರ. ಆದ್ದರಿಂದ ಶುಲ್ಕವನ್ನು ಶುಕ್ರವಾರವೇ ಪಡೆದು, ಶನಿವಾರ ಸಾಮಾನು ತನ್ನಿ.